ಏಳುವಗ ತಲೆ ತಿರುಗಿದ್ದೆಲ್ಲ ‘ಬಿಪಿ ಲೋ’ ಅಲ್ಲ

ನಮ್ಮಲ್ಲಿ ಒಂದು ಹೆಮ್ಮಕ್ಕೊಗೆ ತಲೆ ತಿರುಗಿತ್ತು ಹೇಳಿ ಆದರೆ ಡಾಕ್ಟ್ರು ಬೇಕೂಳಿಯೇ ಇಲ್ಲೆ, ಜೆಂಬ್ರಕ್ಕೆ ಬಂದ ನಾಲ್ಕು ಹೆಮ್ಮಕ್ಕೊ ಸಾಕು. “ನಿನಗೆ ಬಿಪಿ ಲೋ ಆಯಿದು, ಒಂದು ಗ್ಲಾಸು ಮಜ್ಜಿಗೆಗೆ ಉಪ್ಪು ಹಾಕಿ ಕುಡಿ” ಹೇಳುಗು ಒಂದು ಜೆನ. ಇನ್ನೊಂದು ಜೆನ ಒಳ ಹೋಗಿ ಉಪ್ಪಿನಕಾಯಿ ಮಿಡಿ ತಂದು ಕೈಲಿ ಮಡುಗುಗು. ಮೂರನೇದು “ಅಲ್ಲಪ್ಪಾ, ಅದು ಕೆಮಿದು, ಎನಗೂ ಹಾಂಗೇ ಆಗಿತ್ತು, ಎನ್ನತ್ರೆ ಮಾತ್ರೆ ಇದ್ದು” ಹೇಳಿ ಬೇಗು ಹುಡುಕ್ಕುಗು. ತಲೆ ತಿರುಗಿದ ಜೆನರತ್ರೆ ಮಾತ್ರ ಆರೂ ಎಂತದೂ ಕೇಳವು.

ಇದರ ನೋಡಿ ನೋಡಿ ಎನಗೆ ಬೊಡುದ್ದು. ಉಪ್ಪು ಮಜ್ಜಿಗೆಯ ಮೇಲೆ ಎನಗೆ ಕೋಪ ಇಲ್ಲೆ, ಸೆಕೆಗಾಲಲ್ಲಿ ಆನೂ ಕುಡಿತ್ತೆ. ಆದರೆ ಬಿಪಿ ಇಳುದು ಬಪ್ಪ ತಿರುಗಾಟವೂ, ಕೆಮಿಯ ಒಳಾಣ ತೊಂದರೆಂದ ಬಪ್ಪ ತಿರುಗಾಟವೂ ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಉಪಕಾರ ಇಲ್ಲೆ, ಕೆಲವು ಸರ್ತಿ ಉಪದ್ರವೇ. ಎರಡರ ಬೇರೆ ಮಾಡ್ಲೆ ದೊಡ್ಡ ಮಿಶನು ಬೇಡ. ಮದಲು ಒಂದು ಪ್ರಶ್ನೆ ಕೇಳಿರೆ ಅರ್ಧ ಗೊಂತಾವುತ್ತು: “ಏಳದ್ದೆ, ಹಸೆಲಿ ಮನುಗಿಯೊಂಡೇ ಮಗ್ಗುಲು ತಿರುಗಿರೂ ತಲೆ ತಿರುಗುತ್ತೋ?”

ಈ ಪ್ರಶ್ನೆಯೇ ಎಂತಕೆ ಹೇಳಿ ಹೇಳ್ತೆ. ತಲೆ ತಿರುಗುದು ಹೇಳುವ ಒಂದೇ ಮಾತಿಲಿ ನಾವು ಎಲ್ಲವನ್ನೂ ಹೇಳಿ ಮುಗುಶುತ್ತು. ಮನೆ ಗಿರಗಿರ ತಿರುಗಿರೂ ಅದೇ, ಕಣ್ಣು ಕಸ್ತಲೆ ಬಂದರೂ ಅದೇ, ದೋಣಿಲಿ ಕೂದ ಹಾಂಗೆ ಆದರೂ ಅದೇ. “ನಿಂಗೊಗೆ ಹೇಂಗೆ ಆವುತ್ತು, ಸರಿಯಾಗಿ ಹೇಳಿ” ಹೇಳಿ ಒತ್ತಾಯ ಮಾಡಿ ಕೇಳುವವು ಇದ್ದವು. ಕೇಳುದು ತಪ್ಪಲ್ಲ, ಆದರೆ ಅದರನ್ನೇ ನಂಬಿ ಕೂಪಲಾಗ. ಉದಿಯಪ್ಪಗ “ಮಾಡು ತಿರುಗುತ್ತು” ಹೇಳಿದ ಅಜ್ಜಿಯೇ ಹೊತ್ತೋಪಗ “ಎಂತದೋ ತೇಲಿದ ಹಾಂಗೆ” ಹೇಳುಗು. ಹೇಂಗೆ ಆವುತ್ತು ಹೇಳುದು ದಿನಕ್ಕೊಂದು ನಮುನೆ ಬದಲುತ್ತು. ಎಂತ ಮಾಡುವಗ ಆವುತ್ತು, ಎಷ್ಟು ಹೊತ್ತು ಇರ್ತು ಹೇಳುದು ಅಷ್ಟು ಸುಲಭಲ್ಲಿ ಬದಲುತ್ತಿಲ್ಲೆ. ಹಾಂಗಾಗಿ ಕೇಳೆಕ್ಕಾದ್ದು ಅದರ.

ಮದಲು ಬಿಪಿಯ ಶುದ್ದಿ. ಮನುಗಿದಲ್ಲಿಂದ ಎದ್ದು ನಿಂಬಗ ಮೈಲಿಪ್ಪ ನೆತ್ತರಿಲಿ ಅರ್ಧ ಲೀಟರಿಂದ ಹೆಚ್ಚು ಕಾಲಿಂಗೂ ಹೊಟ್ಟೆಗೂ ಇಳಿತ್ತು. ಇದು ಎಲ್ಲೋರಿಂಗೂ ಅಪ್ಪದೇ. ನಮ್ಮ ಕೊರಳಿನ ರಕ್ತನಾಳಲ್ಲಿ ಒತ್ತಡ ಎಷ್ಟಿದ್ದು ಹೇಳಿ ನೋಡ್ಯೊಂಡಿಪ್ಪ ಒಂದು ಜಾಗೆ ಇದ್ದು. ಒತ್ತಡ ಇಳುದ ಕೂಡ್ಲೆ ಅದು ಮೆದುಳಿಂಗೆ ಸುದ್ದಿ ಮುಟ್ಟುಸುತ್ತು. ಹೃದಯ ರಜ್ಜ ಜೋರು ಬಡಿತ್ತು, ಕೆಳಾಣ ನಾಳಂಗೊ ಬಿಗಿ ಆವುತ್ತವು, ನೆತ್ತರು ತಲಗೆ ಏರ್ತು. ಇಷ್ಟೂ ಕಣ್ಣು ಮುಚ್ಚಿ ತೆಗೆತ್ತ ಹೊತ್ತಿಲಿ ಆಗೆಕ್ಕು. ಪ್ರಾಯ ಆದವಕ್ಕೆ, ಸಕ್ಕರೆ ಕಾಯಿಲೆ ಸುಮಾರು ವರ್ಷಂದ ಇಪ್ಪವಕ್ಕೆ, ಬಿಪಿ ಮಾತ್ರೆಯೋ ಮೂತ್ರ ಹೋಪ ಮಾತ್ರೆಯೋ ಒರಕ್ಕಿನ ಮಾತ್ರೆಯೋ ತೆಕ್ಕೊಂಬವಕ್ಕೆ ಇದು ನಿಧಾನ ಆವುತ್ತು. ಏಕಾದಶಿ ಉಪವಾಸ ಮಾಡಿ ನೀರೂ ಕುಡಿಯದ್ದವಕ್ಕೆ, ಹೊಟ್ಟೆ ಹೋಗಿ ಬಚ್ಚಿದವಕ್ಕೆ, ಮೈಲಿ ನೆತ್ತರೇ ಕಮ್ಮಿ ಇಪ್ಪ ಹೆಮ್ಮಕ್ಕೊಗೆ ಕೂಡಾ. ಬೆಶಿ ಬೆಶಿ ನೀರಿಲಿ ಮಿಂದು ಹೆರ ಬಪ್ಪಗ, ಗಡದ್ದು ಉಂಡಿಕ್ಕಿ ಏಳುವಗ ಹೆಚ್ಚು.

ಇದರ ಗುರ್ತ ಎಂತದು ಹೇಳಿರೆ, ನಿಂದಪ್ಪಗ ಬತ್ತು, ಕೂದರೆ ಹೋವುತ್ತು. ಕಣ್ಣು ಕಸ್ತಲೆ, ಕಾಲು ಸೋತ ಹಾಂಗೆ, ಕೆಲವರಿಂಗೆ ಕೊರಳ ಹಿಂದೆಯೂ ಹೆಗಲಿಲಿಯೂ ಬೇನೆ. ಪುನಃ ಕೂದರೋ ಮನುಗಿರೋ ರಜ್ಜ ಹೊತ್ತಿಲಿ ತಿಳಿ ಆವುತ್ತು. ಹಸೆಲಿ ಮನುಗಿಯೊಂಡು ಎಡಕ್ಕೆ ಬಲಕ್ಕೆ ನೂರು ಸರ್ತಿ ಹೊರಳಿರೂ ಎಂತ ಆಗ, ಎಂತಕೆ ಹೇಳಿರೆ ಮನುಗಿದವಕ್ಕೆ ನೆತ್ತರು ಕಾಲಿಂಗೆ ಇಳಿವಲೆ ಇಲ್ಲೆನ್ನೆ!

ಇನ್ನು ಕೆಮಿ. ಕೆಮಿಯ ಒಳ, ನಾವು ಕಡ್ಡಿ ಹಾಕ್ತ ಜಾಗೆ ಅಲ್ಲ, ಅದಕ್ಕಿಂತಲೂ ಒಳ, ಅರ್ಧ ಬಳೆಯ ಹಾಂಗಿಪ್ಪ ಮೂರು ಸಣ್ಣ ಕೊಳವೆಗೊ ಇದ್ದು. ಅದರ ಒಳ ನೀರಿನ ಹಾಂಗಿಪ್ಪ ದ್ರವ. ತಲೆ ತಿರುಗುಸಿರೆ ಈ ದ್ರವ ಹಂದುತ್ತು, ಮೆದುಳಿಂಗೆ ‘ತಲೆ ತಿರುಗಿತ್ತು’ ಹೇಳಿ ಗೊಂತಾವುತ್ತು. ಈ ಕೊಳವೆಗಳ ಬುಡಲ್ಲಿ ಒಂದು ಚೀಲ ಇದ್ದು, ಅದರಲ್ಲಿ ಕಣ್ಣಿಂಗೆ ಕಾಣದ್ದಷ್ಟು ಸಣ್ಣ ಹರಳುಗೊ ಅಂಟಿಯೊಂಡು ಇರ್ತು. ನಾವು ಎಲಗೆ ಉದ್ದುವ ಸುಣ್ಣ ಅಂಡೆಯ ಕರೆಲಿ ಒಣಗಿ ಗಟ್ಟಿ ಆವುತ್ತಲ್ಲದೋ, ಆ ಗಟ್ಟಿ ಆದ ವಸ್ತುವೇ ಈ ಹರಳು, ಕ್ಯಾಲ್ಸಿಯಂ ಕಾರ್ಬೊನೇಟು. ಪ್ರಾಯ ಅಪ್ಪಗ, ತಲಗೆ ಪೆಟ್ಟು ಬಿದ್ದರೆ, ಅಲ್ಲದ್ದರೆ ಕಾರಣವೇ ಇಲ್ಲದ್ದೆ ರಜ್ಜ ಹರಳು ಬಿಟ್ಟು ಹೋಗಿ ಕೊಳವೆಯ ಒಳ ಬೀಳ್ತು. ಐವತ್ತು ದಾಂಟಿದ ಹೆಮ್ಮಕ್ಕೊಗೆ ಇದು ಹೆಚ್ಚು.

ಮತ್ತೆ ಎಂತ ಆವುತ್ತು? ನಿಂಗೊ ಮಗ್ಗುಲು ತಿರುಗಿ ಅಲ್ಲಿಗೇ ನಿಂದರೂ ಕೊಳವೆಯ ಒಳ ಹರಳು ಉರುಳುತ್ತಾ ಇರ್ತು, ದ್ರವವ ಎಳೆತ್ತಾ ಇರ್ತು. ತಲೆ ಹಂದದ್ದರೂ ಮೆದುಳಿಂಗೆ ‘ತಿರುಗುತ್ತಾ ಇದ್ದು’ ಹೇಳಿ ಸುದ್ದಿ ಹೋವುತ್ತು. ಮನೆ ಗಿರಗಿರ, ಹೊಟ್ಟೆ ತೊಳಸುದು, ಕೆಲವರಿಂಗೆ ಕಾರುದು. ತಲೆ ತಿರುಗುಸಿ ಎರಡು ಮೂರು ಸೆಕೆಂಡು ಕಳುದಿಕ್ಕಿ ಸುರು ಆವುತ್ತು, ತಲೆಯ ಹಂದುಸದ್ದೆ ಮಡುಗಿರೆ ಹರಳು ತಳಲ್ಲಿ ಕೂರ್ತು, ಒಂದು ನಿಮಿಷದ ಒಳ ನಿಲ್ಲುತ್ತು. ಪುನಃ ತಿರುಗಿರೆ ಪುನಃ. ಇದಕ್ಕೂ ಬಿಪಿಗೂ ಏವ ಸಂಬಂಧವೂ ಇಲ್ಲೆ. ಮಿಶನಿಲಿ ನೂರಾ ಹತ್ತು ತೋರುಸಲಿ, ನೂರಾ ಅರುವತ್ತು ತೋರುಸಲಿ, ಹರಳು ಉರುಳುದು ಉರುಳುದೇ.

ಕೆಮಿಂದ ಬಪ್ಪದು ಇದೊಂದೇ ಹೇಳಿ ಅಲ್ಲ. ಗಂಟೆಗಟ್ಳೆ ತಿರುಗಿ, ಒಟ್ಟಿಂಗೆ ಒಂದು ಕೆಮಿ ಕೇಳದ್ದೆ ಆಗಿ ಗುಂಯ್ ಹೇಳಿರೆ ಅದು ಬೇರೆ. ಎರಡು ಮೂರು ದಿನ ಬಿಡದ್ದೆ ತಿರುಗಿರೆ ಅದೂ ಬೇರೆ. ಆದರೆ ‘ಏಳುವಗ ತಿರುಗುತ್ತು’ ಹೇಳಿ ಬಪ್ಪವರಲ್ಲಿ ಬಿಪಿಯ ಒಟ್ಟಿಂಗೆ ಗಂಟು ಹಾಕಿ ಮೋಸ ಹೋಪದು ಈ ಹರಳಿನ ಕಾಯಿಲೆಲಿ.

ಮೋಸ ಎಲ್ಲಿ ಹೇಳಿರೆ ಆ ‘ಏಳುವಗ’ ಹೇಳ್ತ ಮಾತಿಲಿ. ಉದಿಯಪ್ಪಗ ಹಸೆಂದ ಏಳುದು ಹೇಳಿರೆ ಎರಡು ಕೆಲಸ. ಮನುಗಿದಲ್ಲಿಂದ ಕೂಪದು ಒಂದು, ಕೂದಲ್ಲಿಂದ ನಿಂಬದು ಇನ್ನೊಂದು. ಕೂಪಗ ತಲೆಯ ದಿಕ್ಕು ಬದಲಿತ್ತು, ಅಲ್ಲಿ ಹರಳು ಉರುಳುತ್ತು. ನಿಂಬಗ ನೆತ್ತರು ಇಳಿತ್ತು. ನಾವು ಎರಡನ್ನೂ ಒಂದೇ ಉಸುಲಿಲಿ ಮಾಡಿಕ್ಕಿ “ಏಳುವಗ ತಿರುಗಿತ್ತು” ಹೇಳ್ತು. ಕೇಳಿದವು “ಏಳುವಗಳಾ? ಅಂಬಗ ಬಿಪಿಯೇ” ಹೇಳ್ತವು.

ಹಾಂಗಾಗಿ ಎರಡನ್ನೂ ಬೇರೆ ಬೇರೆ ನೋಡೆಕ್ಕು. ಹಸೆಲಿ ಬರೇ ಮಗ್ಗುಲು ತಿರುಗಿ ನೋಡುದು. ಮತ್ತೆ ಕುರ್ಶಿಲಿ ಹತ್ತು ನಿಮಿಷ ಕೂದು, ತಲೆಯ ನೇರ ಮಡುಗಿ, ಬಗ್ಗದ್ದೆ ಎದ್ದು ನಿಂಬದು. ಮಗ್ಗುಲಿಂಗೆ ತಿರುಗಿ, ಕುರ್ಶಿಂದ ಎದ್ದಪ್ಪಗ ಎಂತ ಆಗದ್ರೆ ಕೆಮಿಯ ಹೊಡೆಂಗೆ ನೋಡೆಕ್ಕು. ಮಗ್ಗುಲಿಂಗೆ ಎಂತ ಆಗದ್ದೆ ಕುರ್ಶಿಂದ ಎದ್ದಪ್ಪಗ ಕಣ್ಣು ಕಸ್ತಲೆ ಬಂದರೆ ಬಿಪಿಯ ಹೊಡೆಂಗೆ. ಅಟ್ಟದ ಮೇಲಾಣ ಭರಣಿಗೆ ತಲೆ ಎತ್ತಿ ಕೈ ಹಾಕುವಗ, ವಸ್ತ್ರ ಆರುಸುವಗ ತಿರುಗಿರೂ ಕೆಮಿಯೇ ಹೇಳಿ ಅಂದಾಜಿ ಮಾಡ್ಲಕ್ಕು, ಎಂತಕೆ ಹೇಳಿರೆ ಅಲ್ಲಿ ನಿಂಗೊ ಮದಲೇ ನಿಂದೊಂಡೇ ಇಪ್ಪದು.

ಕಳುದ ಚಳಿಗಾಲಲ್ಲಿ ಎನ್ನ ಚಿಕ್ಕಮ್ಮಂಗೆ ಆದ್ದರ ಕೇಳಿ. 61 ವರ್ಷ, ಬಿಪಿಗೆ ದಿನಕ್ಕೊಂದು ಅಮ್ಲೋಡಿಪಿನ್ 5 ಮಿಲಿಗ್ರಾಮಿನ ಮಾತ್ರೆ. ಉದಿಯಪ್ಪಗ ಐದು ಗಂಟಗೆ ಏಳ್ಲೆ ಹೆರಟು ಗೋಡಗೆ ಬಡುದು ಕೂದವು. ಮನೆಯವು ಕೂರುಸಿ ಬಿಪಿ ನೋಡಿದವು, 118/74. “ಯೇವಾಗಳೂ ನೂರಾ ಮೂವತ್ತರ ಮೇಲೆ ಇಪ್ಪದು, ಇಳುದ್ದು” ಹೇಳಿ ತೀರ್ಮಾನ ಆತು. ಮಾತ್ರೆ ನಿಲ್ಸಿದವು, ದಿನಕ್ಕೆ ಮೂರು ಸರ್ತಿ ಉಪ್ಪು ಹಾಕಿದ ಮಜ್ಜಿಗೆ. ಒಂಬತ್ತು ದಿನ ಹೀಂಗೆ. ತಿರುಗುದು ಕಮ್ಮಿ ಆತೋ? ಇಲ್ಲೆ. ಬಿಪಿ ಮಾತ್ರ 168/96ಕ್ಕೆ ಏರಿತ್ತು.

ಆನು ನೋಡ್ಲೆ ಹೋದಿಪ್ಪಗ ಮಗ್ಗುಲಿನ ಪ್ರಶ್ನೆ ಕೇಳಿದೆ. “ಬಲದ ಹೊಡೆಂಗೆ ತಿರುಗಿರೆ ಮಾಡೇ ತಿರುಗುತ್ತು, ಎಡಕ್ಕೆ ಎಂತ ಇಲ್ಲೆ, ಅದಕ್ಕೇ ಆನು ಎಡತ್ತಿಂಗೇ ಮನುಗುದು” ಹೇಳಿದವು. ಒಂಬತ್ತು ದಿನಲ್ಲಿ ಆ ಮಾತಿನ ಅವರತ್ರೆ ಆರೂ ಕೇಳಿದ್ದವಿಲ್ಲೆ! ಮನುಗುಸಿ ಐದು ನಿಮಿಷ ಕಳುದು ಬಿಪಿ ನೋಡಿದೆಯೊ°, 164/94. ನಿಲ್ಸಿ ಒಂದು ನಿಮಿಷಲ್ಲಿ 160/94, ಮೂರು ನಿಮಿಷಲ್ಲಿ 162/96. ಇಳುದ್ದೇ ಇಲ್ಲೆ. ಇದಕ್ಕೆ ಉಪ್ಪು ಕೊಟ್ಟದು!

ಮರದಿನ ಕೆಮಿ-ಮೂಗು-ಗಂಟಲಿನ ಡಾಕ್ಟ್ರತ್ರೆ ಕರಕ್ಕೊಂಡು ಹೋತು. ಅವು ಮಾಡಿದ ಪರೀಕ್ಷೆ ಹೀಂಗೆ: ಚಿಕ್ಕಮ್ಮನ ಮಂಚಲ್ಲಿ ಕಾಲು ನೀಡಿ ಕೂರುಸಿದವು. ತಲೆಯ ಬಲಕ್ಕೆ ಅರ್ಧ ತಿರುಗುಸಿ, ತಲೆ ಮಂಚದ ಕೊಡಿಂದ ರಜ್ಜ ಕೆಳ ಬಪ್ಪ ಹಾಂಗೆ ಬೇಗ ಮನುಗುಸಿದವು, “ಕಣ್ಣು ಮುಚ್ಚೆಡಿ” ಹೇಳಿದವು. ಎರಡು ಮೂರು ಸೆಕೆಂಡು ಎಂತ ಇಲ್ಲೆ. ಮತ್ತೆ ಕಣ್ಣಗುಡ್ಡೆ ಪಟಪಟನೆ ಹಾರ್ಲೆ ಸುರು ಆತು, ಚಿಕ್ಕಮ್ಮ ಮಂಚದ ಸರಳಿನ ಬಿಗಿಯಾಗಿ ಹಿಡ್ಕೊಂಡವು. ಇಪ್ಪತ್ತೈದು ಸೆಕೆಂಡಿಲಿ ನಿಂದತ್ತು. ಈ ಪರೀಕ್ಷೆಯ 1952ರಲ್ಲಿ ಡಿಕ್ಸ್, ಹಾಲ್‌ಪೈಕ್ ಹೇಳುವ ಇಬ್ರು ಬರದು ಮಡುಗಿದ್ದು, ಅವರ ಹೆಸರೇ ಇದಕ್ಕೆ. ಕಣ್ಣು ಹಾಂಗೆ ಹಾರಿರೆ ಹರಳು ಕೊಳವೆಲಿ ಇದ್ದು ಹೇಳಿ ಅರ್ಥ.

ಮದ್ದು ಅಲ್ಲೇ ಆತು. ಅದೇ ಹಾಂಗೆ ಮನುಗಿದಲ್ಲಿಂದ ತಲೆಯ ಮೆಲ್ಲಂಗೆ ಎಡತ್ತಿಂಗೆ ತಿರುಗುಸಿದವು, ನಿಲ್ಲುವನ್ನಾರ ಕಾದವು. ಮತ್ತೆ ಇಡೀ ಮೈಯನ್ನೂ ಎಡ ಮಗ್ಗುಲಿಂಗೆ ಹೊರಳ್ಸಿ, ಮೂಗು ನೆಲಕ್ಕೆ ತಿರುಗುವ ಹಾಂಗೆ ಮಾಡಿ ಪುನಃ ಕಾದವು. ಅಲ್ಲಿಂದ ಆ ಮಗ್ಗುಲಿಲೇ ಎಬ್ಬುಸಿ ಕೂರುಸಿದವು. ಹರಳಿನ ಕೊಳವೆಯ ತಿರುವಿಲಿ ಉರುಳ್ಸಿ ಅದರ ಚೀಲಕ್ಕೆ ವಾಪಾಸು ಹಾಕುದು ಇಷ್ಟೇ. ಎಪ್ಲೀ ಹೇಳ್ತ ಅಮೇರಿಕದ ಡಾಕ್ಟ್ರು ಮಾಡಿದ ಕ್ರಮ ಅಡ. ಮಾತ್ರೆ ಇಲ್ಲೆ, ಇಂಜೆಕ್ಷನು ಇಲ್ಲೆ. ನಾಲ್ಕು ದಿನ ರಜ್ಜ ತೇಲಿದ ಹಾಂಗೆ ಇತ್ತು, ವಾರ ಕಳುದು ಇನ್ನೊಂದು ಸರ್ತಿ ಮಾಡಿದವು, ಹೋತು. ಪುನಃ ಬಾರ ಹೇಳಿ ಅಲ್ಲ, ಬಪ್ಪಲೂ ಸಾಕು ಹೇಳಿ ಹೇಳಿಯೇ ಕಳುಸಿದವು. ಬಿಪಿ ಮಾತ್ರೆಯ ಪುನಃ ಸುರು ಮಾಡ್ಸಿದವು.

ಈಗ ಕೆಲವು ಜೆನ “ಮೊಬೈಲಿಲಿ ವಿಡಿಯೋ ಇದ್ದು, ಆನೇ ಮಾಡ್ಯೊಳ್ತೆ” ಹೇಳ್ತವು. ಏವ ಕೆಮಿ, ಏವ ಕೊಳವೆ ಹೇಳಿ ಗೊಂತಿಲ್ಲದ್ದೆ ತಿರುಗುಸಿರೆ ಹರಳು ಇನ್ನೊಂದು ಕೊಳವೆಗೆ ಹೋಪಲೂ ಸಾಕು. ಕೊರಳ ಬೇನೆ, ಬೆನ್ನೆಲುಬಿನ ತೊಂದರೆ ಇಪ್ಪವಕ್ಕಂತೂ ಬೇಡವೇ ಬೇಡ. ಮದಲಾಣ ಸರ್ತಿ ಕಣ್ಣು ನೋಡ್ಲೆ ಗೊಂತಿಪ್ಪವೇ ಮಾಡೆಕ್ಕು. ಮತ್ತೆ ಮನೆಲಿ ಮಾಡ್ಲಕ್ಕು ಹೇಳಿ ಅವು ಹೇಳಿಕೊಟ್ಟರೆ ಆ ಶುದ್ದಿ ಬೇರೆ.

ಬಿಪಿಯ ಪಾರ್ಟಿಗೆ ಬೈದದು ಹೆಚ್ಚಾತು, ಇನ್ನು ಮಾತ್ರೆ ಹಂಚುವವಕ್ಕೆ. ಎಂಗಳ ನೆರೆಕರೆಲಿ 78 ವರ್ಷದ ಒಂದು ಅಜ್ಜಿಗೆ ಆರೋ “ಕೆಮಿದು” ಹೇಳಿದವು ಹೇಳಿ ಮೂರು ತಿಂಗಳು ತಲೆತಿರುಗುವ ಮಾತ್ರೆ ನುಂಗಿಯೊಂಡು ಇತ್ತವು. ಹಗಲಿಡೀ ಒರಕ್ಕು ತೂಗುದು. ಮಗ್ಗುಲು ತಿರುಗಿರೆ ಅವಕ್ಕೆ ಎಂತ ಆಯ್ಕೊಂಡು ಇತ್ತಿಲ್ಲೆ, ಉಂಡಿಕ್ಕಿ ಎದ್ದರೆ ಮಾತ್ರ ಕಂಬ ಹಿಡಿಯೆಕ್ಕು. ಮನುಗಿಪ್ಪಗ 142/78 ಇದ್ದ ಬಿಪಿ, ನಿಂದು ಮೂರು ನಿಮಿಷಲ್ಲಿ 112/64. ಮೂತ್ರ ಹೋಪ ಮಾತ್ರೆಯ ಡಾಕ್ಟ್ರು ಕಮ್ಮಿ ಮಾಡಿದ ಮೇಲೆ ಸುಧಾರ್ಸಿದವು. ತಲೆತಿರುಗುವ ಮಾತ್ರೆಗಳಲ್ಲಿ ಕೆಲವು ನಿಂದಪ್ಪಗ ಬಿಪಿಯ ಇನ್ನೂ ಇಳುಶುತ್ತವು, ತಿಂಗಳುಗಟ್ಳೆ ತಿಂದರೆ ಪ್ರಾಯದವಕ್ಕೆ ಕೈ ನಡುಗುದು, ನಡಿಗೆ ನಿಧಾನ ಅಪ್ಪದು ಕೂಡಾ ಇದ್ದು. ಹರಳಿನ ಕಾಯಿಲಗೂ ಅದು ಹೊಟ್ಟೆ ತೊಳಸುದರ ಕಮ್ಮಿ ಮಾಡುಗಷ್ಟೆ, ಬಿದ್ದ ಹರಳಿನ ಎತ್ತಿ ವಾಪಾಸು ಹಾಕುಗೋ ಮಾತ್ರೆ?

ಮನೆಲಿ ಬಿಪಿ ಮಿಶನು ಇಪ್ಪವು ನೋಡ್ತ ಕ್ರಮ ಹೇಳ್ತೆ. ಕೂರುಸಿ ಒಂದು ಸರ್ತಿ ನೋಡಿ “ಲೋ” ಹೇಳಿರೆ ಅದಕ್ಕೆ ಅರ್ಥ ಇಲ್ಲೆ. ಸಪೂರ ಹೆಮ್ಮಕ್ಕೊ ಕೆಲವು ಜೆನಕ್ಕೆ ಜನ್ಮ ಇಡೀ 100/60 ಇರ್ತು, ಅವು ಗಟ್ಟಿಯಾಗಿಯೇ ಇರ್ತವು. ಐದು ನಿಮಿಷ ಮನುಗುಸೆಕ್ಕು, ಮಾತಾಡ್ಸುಲಾಗ, ಪಟ್ಟಿ ಕಟ್ಟಿ ನೋಡಿ ಬರಕ್ಕೊಳೆಕ್ಕು. ಪಟ್ಟಿಯ ತೆಗೆಯದ್ದೆ ನಿಲ್ಸೆಕ್ಕು, ಹತ್ತರೆ ಒಂದು ಜೆನ ಹಿಡ್ಕೊಂಬಲೆ ಇರೆಕ್ಕು. ಒಂದು ನಿಮಿಷಲ್ಲಿ ಒಂದರಿ, ಮೂರು ನಿಮಿಷಲ್ಲಿ ಒಂದರಿ. ಪಟ್ಟಿ ಕಟ್ಟಿದ ಕೈಯ ಎದೆಯ ಮಟ್ಟಕ್ಕೆ ಹಿಡ್ಕೊಳೆಕ್ಕು, ಕೆಳ ನೇಲಿರೆ ಲೆಕ್ಕ ತಪ್ಪುತ್ತು. ಮೇಲಾಣದ್ದು 20 ಇಳುದರೆ, ಅಥವಾ ಕೆಳಾಣದ್ದು 10 ಇಳುದರೆ ಅದು ನಿಂದಪ್ಪಗ ಇಳಿವ ಬಿಪಿಯೇ. ನಡುವಿಲಿ ಕಣ್ಣು ಕಸ್ತಲೆ ಬಂದರೆ ಲೆಕ್ಕ ಅತ್ಲಾಗಿರಲಿ, ಮದಲು ಕೂರುಸಿ. ಒಂದು ದಿನ ಇಳಿಯದ್ರೆ ‘ಇಲ್ಲೆ’ ಹೇಳಿ ಬಿಡ್ಲೂ ಆಗ. ತಿರುಗುವ ಹೊತ್ತಿಂಗೇ, ಉದಿಯಪ್ಪಗಳೋ ಉಂಡ ಮೇಲೆಯೋ, ಎರಡು ಮೂರು ದಿನ ನೋಡೆಕ್ಕು. ಪ್ರಾಯದವಕ್ಕೆ ಎರಡೂ ಒಟ್ಟಿಂಗೆ ಇಪ್ಪದೂ ಇದ್ದು, ಅಂಬಗ ಎರಡಕ್ಕೂ ಮದ್ದು ಬೇಕು.

ಬಿಪಿ ನಿಂದಪ್ಪಗ ಇಳಿತ್ತು ಹೇಳಿ ಗೊಂತಾದರೂ ಮಾತ್ರೆ ನಿಲ್ಸುಲೆ ನಿಂಗೊ ಆರು? ಪ್ರಮಾಣ ಬದಲುಸೆಕ್ಕೋ, ಹೊತ್ತು ಬದಲುಸೆಕ್ಕೋ ಹೇಳಿ ಡಾಕ್ಟ್ರೇ ಹೇಳೆಕ್ಕು. ಅಷ್ಟರವರೆಗೆ ಹಸೆಲಿ ಒಂದು ನಿಮಿಷ ಕೂದು, ಪಾದವ ಮೇಲೆ ಕೆಳ ಹತ್ತಿಪ್ಪತ್ತು ಸರ್ತಿ ಆಡ್ಸಿ, ಮತ್ತೆ ನಿಂಬದು, ನೀರು ಸರಿಯಾಗಿ ಕುಡಿವದು. ಉಪ್ಪಿನ ಶುದ್ದಿಗೆ ಹೋಯೆಡಿ. ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ, ಹೈ ಬಿಪಿ ಇಪ್ಪವಕ್ಕೆ ಆ ಮಜ್ಜಿಗೆಯೇ ಕೇಡು.

ಈ ಪ್ರಶ್ನೆ ಪರೀಕ್ಷೆ ಎಲ್ಲ ಬಿಟ್ಟು ಸೀದಾ ಆಸ್ಪತ್ರೆಗೆ ಓಡೆಕ್ಕಾದ್ದೂ ಇದ್ದು. ತಿರುಗುದರ ಒಟ್ಟಿಂಗೆ ಮಾತು ತೊದಲಿರೆ, ಮೋರೆ ಓರೆ ಆದರೆ, ಒಂದು ಕೈಯೋ ಕಾಲೋ ಸೋತರೆ, ಒಂದು ಎರಡಾಗಿ ಕಂಡರೆ, ಹಿಡ್ಕೊಂಡರೂ ನಡವಲೆ ಎಡಿಯದ್ರೆ, ಒಂದು ಕೆಮಿ ಏಕಾಏಕಿ ಕೇಳದ್ದೆ ಆದರೆ. ಎದೆ ಬೇನೆ ಬಂದರೆ, ಕೂದಲ್ಲಿಗೇ ಬೋಧ ತಪ್ಪಿರೆ. ಕಪ್ಪು ಟಾರಿನ ಹಾಂಗೆ ಮಲ ಹೋಗಿ ನಿಂದಪ್ಪಗ ತಿರುಗಿರೆ ಹೊಟ್ಟೆಯ ಒಳ ನೆತ್ತರು ಹೋಪದು ಹೇಳಿ ಸಂಶಯ ಮಾಡೆಕ್ಕು. ಸಕ್ಕರೆ ಕಾಯಿಲೆಯವಕ್ಕೆ ಬೆಗರು ಬಂದು ತಿರುಗಿರೆ ಮದಲು ಸಕ್ಕರೆ ನೋಡಿ.

ಬಾಕಿದ್ದವು ಡಾಕ್ಟ್ರತ್ರೆ ಹೋಪಗ ಒಂದು ಚೀಟಿಲಿ ಬರದು ತೆಕ್ಕೊಂಡು ಹೋಗಿ: ಮಗ್ಗುಲು ತಿರುಗಿರೆ ಆವುತ್ತೋ, ಏವ ಹೊಡೆಂಗೆ, ಕುರ್ಶಿಂದ ಎದ್ದರೆ ಆವುತ್ತೋ, ಎಷ್ಟು ಸೆಕೆಂಡೋ ನಿಮಿಷವೋ ಇರ್ತು, ಮನುಗಿಪ್ಪಗ, ನಿಂದಪ್ಪಗ ಬಿಪಿ ಎಷ್ಟು, ತಿಂಬ ಮಾತ್ರೆಗಳ ಎಲ್ಲ ಹೆಸರು, ಆಚೆಮನೆ ಅಕ್ಕ ಬೇಗಿಂದ ತೆಗದು ಕೊಟ್ಟದರ ಹೆಸರೂ.